ಕೊರಿಯರ್ ಹಬ್‌ಗಳಲ್ಲಿನ ತೂಕ ವ್ಯತ್ಯಾಸ ಶುಲ್ಕ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ನಿಯಂತ್ರಕರು,
ಕಾನೂನು ಮಾಪನಶಾಸ್ತ್ರ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ಚನ್ನಪಟ್ಟಣದ ಮರದ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಮಾರಾಟಗಾರರು,
ರಾಮನಗರ ಮತ್ತು ಬೆಂಗಳೂರು.

ವಿಷಯ: ಪಾರ್ಸಲ್ ಒಯ್ದ ನಂತರ ಕೊರಿಯರ್ ಸಂಸ್ಥೆಗಳು ವಿಧಿಸುವ ತೂಕ ವ್ಯತ್ಯಾಸ ಶುಲ್ಕಕ್ಕೆ ಆಧಾರವಾದ ಅಳತೆ ಯಂತ್ರಗಳ ತಪಾಸಣೆ ಮತ್ತು ಪುರಾವೆ ನೀಡುವ ವ್ಯವಸ್ಥೆ ಕುರಿತು.

ಉಲ್ಲೇಖ: ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009.

ಮಾನ್ಯರೇ,

ನಾವು ಪಾರ್ಸಲ್ ಕಟ್ಟಿ, ಅದರ ತೂಕ ಮತ್ತು ಉದ್ದ, ಅಗಲ, ಎತ್ತರಗಳನ್ನು ನಮೂದಿಸಿ, ಮುಂಗಡವಾಗಿ ಹಣ ಕಟ್ಟುತ್ತೇವೆ. ಕೊರಿಯರ್‌ನ ಹುಡುಗ ಬಂದು ಅದನ್ನು ಒಯ್ಯುತ್ತಾನೆ. ಆ ಹೊತ್ತಿಗೆ ಅವನ ಕೈಯಲ್ಲಿ ತಕ್ಕಡಿಯೂ ಇರುವುದಿಲ್ಲ, ಟೇಪೂ ಇರುವುದಿಲ್ಲ. ಅಳತೆ ನಡೆಯುವುದು ಹಬ್‌ನ ಬೆಲ್ಟಿನ ಮೇಲೆ, ನಮ್ಮ ಕಣ್ಣಿಗೆ ಬೀಳದ ಕಡೆ. ಕೆಲವು ದಿನಗಳ ನಂತರ ನಮ್ಮ ಖಾತೆಯ ವಾಲೆಟ್‌ನಿಂದ ‘ತೂಕ ವ್ಯತ್ಯಾಸ’ ಎಂಬ ಹೆಸರಿನಲ್ಲಿ ಹಣ ಕಡಿತವಾಗಿರುತ್ತದೆ.

ಗಾತ್ರದ ಮೇಲೆ ದರ ವಿಧಿಸುವ ಪದ್ಧತಿಗೆ ನಮ್ಮ ವಿರೋಧವಿಲ್ಲ. ಹಗುರವಾದರೂ ದೊಡ್ಡದಾದ ಪಾರ್ಸಲ್ ವಾಹನದಲ್ಲಿ ಜಾಗ ತಿನ್ನುತ್ತದೆ. ಆದ್ದರಿಂದ ಸೆಂಟಿಮೀಟರ್‌ನಲ್ಲಿ ಅಳೆದ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಿ ‘ವಾಲ್ಯೂಮೆಟ್ರಿಕ್ ತೂಕ’ ಲೆಕ್ಕ ಹಾಕುತ್ತಾರೆ. ನಿಜ ತೂಕ ಮತ್ತು ಈ ತೂಕಗಳಲ್ಲಿ ಯಾವುದು ಹೆಚ್ಚೋ ಅದಕ್ಕೆ ಅರ್ಧ ಕೆಜಿಯ ಹಂತಗಳಲ್ಲಿ ದರ ಬೀಳುತ್ತದೆ. ತೂಕ ಕಡಿಮೆ ತೋರಿಸಿ ಕಳಿಸುವ ಮಾರಾಟಗಾರರೂ ಇದ್ದಾರೆ, ಅಂಥವರಿಂದ ವ್ಯತ್ಯಾಸ ವಸೂಲು ಮಾಡುವುದು ಸರಿಯೇ. ನಮ್ಮ ದೂರು ಅಳತೆಯ ವಿಶ್ವಾಸಾರ್ಹತೆಯ ಬಗ್ಗೆ ಮಾತ್ರ.

ಒಂದು ಪ್ರಕರಣವನ್ನು ವಿವರವಾಗಿ ತಮ್ಮ ಮುಂದಿಡುತ್ತೇವೆ. ನಮ್ಮಲ್ಲೊಬ್ಬರು ₹399 ಬೆಲೆಯ ಆಟಿಕೆಯೊಂದನ್ನು 22×15×7 ಸೆಂ.ಮೀ. ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಿದರು. ನಿಜ ತೂಕ 410 ಗ್ರಾಂ, ವಾಲ್ಯೂಮೆಟ್ರಿಕ್ ತೂಕ 462 ಗ್ರಾಂ. ಎರಡೂ ಅರ್ಧ ಕೆಜಿಯೊಳಗೇ ಇದ್ದುದರಿಂದ ₹50 ಕಟ್ಟಿದರು. ಹಬ್‌ನ ಯಂತ್ರ ಅದೇ ಪಾರ್ಸಲ್ಲನ್ನು 27×19×10 ಎಂದು ಓದಿತು. ಲೆಕ್ಕ 1026 ಗ್ರಾಂಗೆ ಬಂತು. ಒಂದು ಕೆಜಿಯ ಮೇಲೆ ಬರೀ 26 ಗ್ರಾಂ ಹೆಚ್ಚಾದದ್ದಕ್ಕೆ ಪಾರ್ಸಲ್ ಒಂದೂವರೆ ಕೆಜಿಯ ಹಂತಕ್ಕೆ ಏರಿತು. ಮೊದಲ ಅರ್ಧ ಕೆಜಿಗೆ ₹50, ನಂತರದ ಪ್ರತಿ ಅರ್ಧ ಕೆಜಿಗೆ ₹40ರಂತೆ ದರ ₹130 ಆಯಿತು. ವ್ಯತ್ಯಾಸ ₹80, ಅದರ ಮೇಲೆ ಶೇ. 18ರ ಜಿಎಸ್‌ಟಿ ₹14.40 ಸೇರಿ ₹94.40 ಕಡಿತವಾಯಿತು. ಗಿರಾಕಿ ತೆಗೆದುಕೊಳ್ಳದೆ ಪಾರ್ಸಲ್ ಹಿಂದಿರುಗಿದ್ದರೆ, ಬರುವ ದಾರಿಗೂ ಇದೇ ಏರಿದ ತೂಕ ಲೆಕ್ಕಕ್ಕೆ ಬರುತ್ತಿತ್ತು.

ಪೆಟ್ಟಿಗೆ ಬೆಳೆದಿರಲಿಲ್ಲ. ಅದರ ಮೇಲೆ ಹಾಕಿದ್ದ ಪ್ಲಾಸ್ಟಿಕ್ ಕವರ್ ಒಂದು ಅಳತೆ ದೊಡ್ಡದಿತ್ತು. ಮಡಚಿ ಅಂಟಿಸಿದ ಅದರ ತುದಿ ದಾರಿಯಲ್ಲಿ ಬಿಚ್ಚಿಕೊಂಡರೆ ಬೆಲ್ಟಿನ ಮೇಲೆ ಎದ್ದು ನಿಲ್ಲುತ್ತದೆ. ಮೇಲಿನ ಕ್ಯಾಮೆರಾ ವಸ್ತುವಿನ ಅಂಚಿನಿಂದ ಅಂಚಿಗೆ ಅಳೆಯುವುದರಿಂದ ಆ ತುದಿಯನ್ನೂ ಪೆಟ್ಟಿಗೆ ಎಂದೇ ಎಣಿಸುತ್ತದೆ. ಇಂಥ ತಪ್ಪನ್ನು ಗುರುತಿಸುವುದು ಕಷ್ಟವೇನಲ್ಲ. ಈ ಪ್ರಕರಣದಲ್ಲಿ ಆದಂತೆ ನಿಜ ತೂಕ ಹಾಗೆಯೇ ಉಳಿದು ಗಾತ್ರವಷ್ಟೇ ಏರಿದ್ದರೆ ಕವರನ್ನು ಅನುಮಾನಿಸಬೇಕು. ತೂಕ, ಗಾತ್ರ ಎರಡೂ ಹೆಚ್ಚುಕಡಿಮೆ ಇಮ್ಮಡಿಯಾಗಿದ್ದರೆ ಎರಡು ಪಾರ್ಸಲ್‌ಗಳು ಅಂಟಿಕೊಂಡು ಯಂತ್ರದ ಕೆಳಗೆ ಹೋಗಿರುವ ಸಾಧ್ಯತೆ ಹೆಚ್ಚು.

ಆ ಮಾರಾಟಗಾರರು ಆಕ್ಷೇಪಣೆ ಸಲ್ಲಿಸಿದರು. ಲೇಬಲ್ ಅಂಟಿಸಿದ ಪಾರ್ಸಲ್ಲಿನ ಮೂರು ಬದಿಗೂ ಟೇಪು ಹಿಡಿದ ಫೋಟೋಗಳು, ತಕ್ಕಡಿಯ ಮೇಲೆ 410 ಗ್ರಾಂ ಕಾಣುವ ಫೋಟೋ, ಇದೇ ಆಟಿಕೆ ಇದೇ ಪೆಟ್ಟಿಗೆಯಲ್ಲಿ ಅರ್ಧ ಕೆಜಿಯ ದರಕ್ಕೇ ಹೋದ ಹಿಂದಿನ ಬಿಲ್ಲುಗಳು, ಎಲ್ಲವನ್ನೂ ಲಗತ್ತಿಸಿದರು. ಪ್ರತಿ ಫೋಟೋದಲ್ಲೂ ಪಾರ್ಸಲ್ ಸಂಖ್ಯೆ ಓದಲು ಬರುತ್ತಿತ್ತು. ‘ಪುರಾವೆ ಸಾಲದು’ ಎಂಬ ಒಂದು ಸಾಲಿನ ಉತ್ತರ ಬಂತು. ಜೊತೆಗಿದ್ದ ಹಬ್‌ನ ಫೋಟೋದಲ್ಲಿ ಲೇಬಲ್ ಓದಲಾಗದಂತಿತ್ತು, ಅಳತೆಯ ಗುರುತೂ ಇರಲಿಲ್ಲ.

ಇಷ್ಟು ದಾಖಲೆ ಇಟ್ಟುಕೊಂಡವರ ಸ್ಥಿತಿಯೇ ಹೀಗೆ. ಶುಲ್ಕದ ಸುದ್ದಿ ತಿಳಿಯುವ ಹೊತ್ತಿಗೆ ಪಾರ್ಸಲ್ ಗಿರಾಕಿಯ ಮನೆ ಸೇರಿರುತ್ತದೆ. ಕಳಿಸುವ ಮೊದಲೇ ಫೋಟೋ ತೆಗೆಯದವರಿಗೆ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ನಾವು ಬಳಸುವ ಸೇವೆಯಲ್ಲಿ ಆಕ್ಷೇಪಣೆಗೆ ಏಳು ದಿನಗಳ ಗಡುವಿದೆ. ಅದು ದಾಟಿದರೆ ಶುಲ್ಕವನ್ನು ನಾವು ಒಪ್ಪಿಕೊಂಡಂತೆ ಎಂದು ಎಣಿಸಲಾಗುತ್ತದೆ. ನೂರು ರೂಪಾಯಿಯೂ ಇಲ್ಲದ ಮೊತ್ತಕ್ಕೆ ಯಾರೂ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವುದಿಲ್ಲ.

ಈ ವಿಷಯ ತಮ್ಮ ಇಲಾಖೆಯ ವ್ಯಾಪ್ತಿಗೆ ಬರುತ್ತದೆ ಎಂಬುದು ನಮ್ಮ ನಿವೇದನೆ. 2009ರ ಅಧಿನಿಯಮದ ಪ್ರಕಾರ ವಹಿವಾಟು ಎಂದರೆ ಸರಕಿನ ಮಾರಾಟವಷ್ಟೇ ಅಲ್ಲ, ಸಲ್ಲಿಸಿದ ಸೇವೆಯ ಮೌಲ್ಯ ನಿರ್ಧರಿಸುವುದೂ ವಹಿವಾಟೇ. ಅಂಥ ವಹಿವಾಟಿಗೆ ಬಳಸುವ ತೂಕ ಮತ್ತು ಅಳತೆಗಳು 24ನೇ ಕಲಂ ಪ್ರಕಾರ ಪರಿಶೀಲನೆಗೊಂಡು ಮುದ್ರೆ ಹಾಕಿಸಿಕೊಂಡಿರಬೇಕು. ಸಂತೆಯಲ್ಲಿ ತರಕಾರಿ ಮಾರುವವರ ತಕ್ಕಡಿಗೆ ಇರುವ ಈ ನಿಯಮ, ಬೆಲ್ಟಿನ ಮೇಲೆ ಸಾಗುವ ಪಾರ್ಸಲ್ಲುಗಳನ್ನು ಅಳೆದು ಬಿಲ್ಲು ಮಾಡುವ ಯಂತ್ರಕ್ಕೂ ಅನ್ವಯಿಸಬೇಕು. ದರ ಎಷ್ಟಿರಬೇಕೆಂದು ಹೇಳುವುದು ಇಲಾಖೆಯ ಕೆಲಸವಲ್ಲ ಎಂಬುದನ್ನು ಬಲ್ಲೆವು. ದರಕ್ಕೆ ಆಧಾರವಾದ ಅಳತೆ ಸರಿಯಿದೆಯೇ ಎಂದು ನೋಡುವ ಅಧಿಕಾರ ತಮಗಿದೆ.

ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇವೆ:

1. ರಾಜ್ಯದ ಕೊರಿಯರ್ ಹಬ್‌ಗಳಲ್ಲಿ ಬಿಲ್ಲಿಂಗ್‌ಗೆ ಬಳಸುವ ತೂಕದ ಮತ್ತು ಗಾತ್ರ ಅಳೆಯುವ ಯಂತ್ರಗಳನ್ನು 15ನೇ ಕಲಂ ಅಡಿಯಲ್ಲಿ ತಪಾಸಣೆ ಮಾಡಬೇಕು. ಅವುಗಳ ಮಾದರಿಗೆ 22ನೇ ಕಲಂ ಪ್ರಕಾರ ಅನುಮೋದನೆ ಇದೆಯೇ, ಚಾಲ್ತಿಯಲ್ಲಿರುವ ಮುದ್ರೆ ಇದೆಯೇ ಎಂಬುದನ್ನು ದಾಖಲಿಸಬೇಕು.

2. ತಪಾಸಣೆಯ ವೇಳೆ ಗೊತ್ತಿರುವ ಅಳತೆಯ ಪೆಟ್ಟಿಗೆಯೊಂದನ್ನು ಮೊದಲು ಕವರಿಲ್ಲದೆ, ಆಮೇಲೆ ಸಡಿಲ ಕವರಿನಲ್ಲಿ ಹಾಕಿ, ಓಡುವ ಬೆಲ್ಟಿನ ಮೇಲೆ ಅಳೆದು ನೋಡಬೇಕು. ನಿಂತ ಯಂತ್ರದ ಮೇಲೆ ಬಟ್ಟಿಟ್ಟು ಪರೀಕ್ಷಿಸಿದರೆ ಈ ದೋಷ ಕಾಣುವುದಿಲ್ಲ.

3. ಪ್ರತಿ ತೂಕ ವ್ಯತ್ಯಾಸದ ಬಿಲ್ಲಿನ ಜೊತೆ ಯಂತ್ರದ ಗುರುತಿನ ಸಂಖ್ಯೆ, ಅಳೆದ ದಿನಾಂಕ ಮತ್ತು ವೇಳೆ, ಉದ್ದ, ಅಗಲ, ಎತ್ತರ, ನಿಜ ತೂಕ ಹಾಗೂ ಪಾರ್ಸಲ್ ಸಂಖ್ಯೆ ಸ್ಪಷ್ಟವಾಗಿ ಕಾಣುವ ಫೋಟೋ ಕೊಡುವಂತೆ ಸಂಸ್ಥೆಗಳಿಗೆ ಸುತ್ತೋಲೆ ಹೊರಡಿಸಬೇಕು.

4. ಆಕ್ಷೇಪಣೆಯ ಗಡುವು ಈ ಪುರಾವೆ ಮಾರಾಟಗಾರರ ಕೈಸೇರಿದ ದಿನದಿಂದ ಆರಂಭವಾಗಬೇಕು, ತೀರ್ಮಾನವಾಗುವವರೆಗೆ ಹಣ ಕಡಿತವಾಗಬಾರದು. ಇದು ಇಲಾಖೆಯ ವ್ಯಾಪ್ತಿ ಮೀರಿದ್ದೆನಿಸಿದರೆ, ತಮ್ಮ ಶಿಫಾರಸಿನೊಂದಿಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳಿಸಿಕೊಡಬೇಕು.

5. ಒಂದೇ ವಸ್ತುವನ್ನು ಒಂದೇ ಪೆಟ್ಟಿಗೆಯಲ್ಲಿ ಪದೇ ಪದೇ ಕಳಿಸುವವರ ಪಾರ್ಸಲ್ಲನ್ನು ಒಮ್ಮೆ ಎರಡೂ ಕಡೆಯವರ ಸಮಕ್ಷಮದಲ್ಲಿ ಅಳೆದು, ಆ ಅಳತೆಯನ್ನೇ ಮುಂದಕ್ಕೂ ನಿಗದಿಪಡಿಸುವಂತೆ ಸಂಸ್ಥೆಗಳಿಗೆ ಸಲಹೆ ನೀಡಬೇಕು. ಕೆಲವು ಸೇವೆಗಳಲ್ಲಿ ಈ ಸೌಲಭ್ಯ ಈಗಾಗಲೇ ಇದೆ, ಎಲ್ಲ ಕಡೆ ಇಲ್ಲ.

ಮೇಲಿನ ಪ್ರಕರಣದ ಪೆಟ್ಟಿಗೆ ಮತ್ತು ಕವರನ್ನು ಪರೀಕ್ಷೆಗೆಂದು ತಮ್ಮ ನಿರೀಕ್ಷಕರಿಗೆ ಒದಗಿಸಲು ನಾವು ಸಿದ್ಧರಿದ್ದೇವೆ. ಮೊದಲ ತಪಾಸಣೆ ಯಾವ ಹಬ್‌ನಲ್ಲಿ, ಯಾವ ದಿನಾಂಕದಂದು ನಡೆಯಲಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಲಗತ್ತುಗಳು: ಪಾರ್ಸಲ್ಲಿನ ಫೋಟೋಗಳು, ವಾಲೆಟ್ ಕಡಿತದ ವಿವರ, ಆಕ್ಷೇಪಣೆ ಮತ್ತು ಅದಕ್ಕೆ ಬಂದ ಉತ್ತರ, ಅದೇ ಪೆಟ್ಟಿಗೆಯ ಹಿಂದಿನ ಬಿಲ್ಲುಗಳು.



ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದ ಮಾರಾಟಗಾರರು)