ಮೆಸೇಜ್ ಬಂದಿಲ್ಲ ಅಂದ್ರೆ ಆನೆ ಇಲ್ಲ ಅಂತಲ್ಲ

ಈ ವಾರದ ನಮ್ಮ ಎಪಿಸೋಡ್ ಯಸಳೂರಿನದ್ದು. 46 ನಿಮಿಷ ಇದೆ. ವಿಡಿಯೋನೂ ಇದೆ, ಬರೀ ಆಡಿಯೋ ಬೇಕು ಅನ್ನೋರಿಗೆ ಅದೂ ಇದೆ. ವಿಷಯ ಕಾಡಾನೆ. 'ಮತ್ತೆ ಆನೇನಾ?' ಅಂತ ಸಕಲೇಶಪುರ, ಆಲೂರು ಕಡೆಯವರು ಮುಖ ಸಿಂಡರಿಸೋದು ಬೇಡ. ಆನೆಗೂ ಮನುಷ್ಯನಿಗೂ ಸಂಘರ್ಷ ಯಾಕೆ ಅನ್ನೋ ಚರ್ಚೆ ಇದರಲ್ಲಿ ಕಡಿಮೆ. ನಾವು ಹಿಡಿದುಕೊಂಡಿದ್ದು ಒಂದೇ ಪ್ರಶ್ನೆ: ಬೆಳಗ್ಗೆ ಏಳೂವರೆಗೆ ತೋಟಕ್ಕೆ ಇಳಿಯುವ ಹೆಂಗಸಿಗೆ, ಆ ಗಿಡಗಳ ಮಧ್ಯೆ ಆನೆ ನಿಂತಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ?

ಇವತ್ತೇ ಯಾಕೆ ನೋಡಬೇಕು ಅಂತ ಕೊನೆಯಲ್ಲಿ ಹೇಳ್ತೀನಿ. ಮೊದಲು ಒಳಗೆ ಏನಿದೆ ನೋಡಿ.

00:00 – ದಬ್ಬಳ್ಳಿಕಟ್ಟೆಯ ಸಮಾಧಿ

ಶುರುವಾಗೋದು ಅರ್ಜುನನಿಂದ. 2012ರಿಂದ 2019ರವರೆಗೆ ಸತತ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ. ವಯಸ್ಸು 60 ದಾಟಿತು ಅಂತ ಅಂಬಾರಿಯಿಂದ ಬಿಡುವು ಸಿಕ್ಕಿತು. ಆದರೆ ಕಾಡಾನೆ ಹಿಡಿಯೋ ಕೆಲಸದಿಂದ ಬಿಡುವು ಸಿಗಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ದಬ್ಬಳ್ಳಿಕಟ್ಟೆ ಬಳಿ, ಕಾಡಾನೆ ಹಿಡಿದು ರೇಡಿಯೋ ಕಾಲರ್ ಹಾಕೋ ಕಾರ್ಯಾಚರಣೆಯಲ್ಲಿ, ಮದವೇರಿದ ಸಲಗದ ಜೊತೆ ಕಾದಾಡಿ ಸತ್ತ. ಅವನನ್ನು ಅಲ್ಲೇ ಮಣ್ಣು ಮಾಡಿದರು.

ಆ ದಿನದ ವಿಡಿಯೋಗಳನ್ನು ನೀವು ಆಗಲೇ ನೋಡಿರ್ತೀರಿ, ಅವನ್ನು ನಾವು ಮತ್ತೆ ಹಾಕಿಲ್ಲ. ನಾವು ಕೇಳಿದ್ದು, ಒಂದು ಕಾಲರ್ ಹಾಕೋದಕ್ಕೆ ಇಷ್ಟೊಂದು ಯಾಕೆ ಬೇಕು ಅಂತ. ಕಾಡಾನೆಗೆ ಮತ್ತು ಬರಿಸೋ ಚುಚ್ಚುಮದ್ದು ಹೊಡೆದ ತಕ್ಷಣ ಅದು ನಿಲ್ಲೋದಿಲ್ಲ. ಮದ್ದು ಹತ್ತೋವರೆಗೆ ಕೆಲವು ನಿಮಿಷ ಓಡುತ್ತೆ. ಬಯಲಾದರೆ ಹಿಂದೆ ಹೋಗಬಹುದು. ಯಸಳೂರಿನ ಇಳಿಜಾರು ತೋಟದಲ್ಲಿ ಹಳ್ಳ, ಕೆರೆ, ಬೇಲಿ, ಆಳೆತ್ತರದ ಕಾಫಿ ಗಿಡ ಎಲ್ಲಾ ಅಡ್ಡ. ಮದ್ದು ಹತ್ತಿದ ಮೇಲೆ ಸಾಕಾನೆಗಳು ಅಕ್ಕಪಕ್ಕ ನಿಂತು ಅದನ್ನು ಹಿಡಿದಿಟ್ಟುಕೊಂಡರೆ ಮಾತ್ರ ಮನುಷ್ಯರು ಹತ್ತಿರ ಹೋಗಿ ಪಟ್ಟಿ ಕಟ್ಟೋಕೆ ಆಗುತ್ತೆ. ಹಾಗಾಗಿ ನಮ್ಮ ಫೋನಿಗೆ ಬರೋ ಒಂದು ಸಾಲಿನ ಮೆಸೇಜಿನ ಹಿಂದೆ ಮಾವುತ, ಕಾವಾಡಿ, ವೈದ್ಯರು, ಸಾಕಾನೆಗಳ ಇಂಥ ಒಂದು ದಿನ ಇರುತ್ತೆ.

10:15 – ಹಿಡಿದು ಸಾಗಿಸಿದರೆ ಮುಗೀತಲ್ಲಾ?

'ಎಲ್ಲಾ ಆನೆ ಹಿಡಿದು ಬೇರೆ ಕಾಡಿಗೆ ಬಿಟ್ರೆ ಆಯ್ತಪ್ಪ' ಅನ್ನೋರಿಗಾಗಿ ಈ ಭಾಗ. ಅದನ್ನೂ ಇಲ್ಲಿ ಮಾಡಿ ಆಗಿದೆ. ಹೈಕೋರ್ಟ್ ರಚಿಸಿದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ, 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದರೆ ತೋಟ, ಗದ್ದೆ, ನೀರು ಇದ್ದಲ್ಲೇ ಇದ್ದವು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ತೋಟದಲ್ಲೇ ಹುಟ್ಟಿ, ತೋಟದ ಬಾಳೆ, ಬೈನೆ, ಹಲಸು ತಿಂದೇ ಬೆಳೆದ ಮರಿಗಳಿಗೆ ಕಾಫಿ ತೋಟವೇ ತವರು. ಇದು ಗೊತ್ತಿದ್ದರೆ ಕಾಲರ್ ಯಾಕೆ ಬಂತು ಅನ್ನೋದು ಅರ್ಥವಾಗುತ್ತೆ. ಆನೆ ಎಲ್ಲೂ ಹೋಗಲ್ಲ ಅಂದಮೇಲೆ, ಅದು ಎಲ್ಲಿದೆ ಅನ್ನೋದಾದರೂ ಗೊತ್ತಿರಲಿ ಅಂತ.

17:40 – ಕಾಲರ್ ಏನು ಹೇಳುತ್ತೆ, ಏನು ಹೇಳಲ್ಲ

ನನಗೆ ಇಡೀ ಎಪಿಸೋಡಿನಲ್ಲಿ ಮುಖ್ಯ ಅನಿಸಿದ್ದು ಈ ಭಾಗ. ಪೂರ್ತಿ ನೋಡೋಕೆ ಟೈಮ್ ಇಲ್ಲ ಅಂದರೆ ಇದೊಂದನ್ನಾದರೂ ನೋಡಿ.

ಕಾಲರ್ ಅಂದರೆ ಕುತ್ತಿಗೆಗೆ ಕಟ್ಟೋ ದಪ್ಪ ಪಟ್ಟಿ. ಮೇಲ್ಗಡೆ ಜಿಪಿಎಸ್, ಕೆಳಗಡೆ ತೂಕ. ಆ ತೂಕ ಇರೋದರಿಂದ ಪಟ್ಟಿ ತಿರುಗದೆ ಜಿಪಿಎಸ್ ಯಾವಾಗಲೂ ಆಕಾಶದ ಕಡೆಗೇ ಇರುತ್ತೆ. ಅದು ನಮ್ಮ ಕ್ಯಾಬ್ ಆ್ಯಪಿನ ಕಾರಿನ ಹಾಗೆ ಕ್ಷಣಕ್ಷಣಕ್ಕೂ ಓಡಾಟ ತೋರಿಸೋದಿಲ್ಲ. ಹಾಗೆ ತೋರಿಸಿದರೆ ಬ್ಯಾಟರಿ ಬೇಗ ಮುಗಿಯುತ್ತೆ. ಬ್ಯಾಟರಿ ಬದಲಿಸೋಕೆ ಮತ್ತೆ ಅದೇ ಆನೆಯನ್ನು ಹಿಡಿಯಬೇಕು. ಅದಕ್ಕೇ ಒಂದಿಷ್ಟು ಗಂಟೆಗೊಮ್ಮೆ ಮಾತ್ರ ಜಾಗ ಗುರುತಿಸಿ ಕಳಿಸುತ್ತೆ. ಅದನ್ನು ನೋಡಿದ ಇಲಾಖೆಯವರು, ಜೊತೆಗೆ ಕಾಲ್ನಡಿಗೆಯಲ್ಲಿ ಹಿಂಬಾಲಿಸೋ ಸಿಬ್ಬಂದಿ, 'ಇಂಥ ಗುಂಪು ಇಂಥ ಎಸ್ಟೇಟಲ್ಲಿದೆ' ಅಂತ ಮೆಸೇಜ್ ಹಾಕ್ತಾರೆ.

ಒಂದು ಲೆಕ್ಕ ಹಾಕಿ. ಸಂಜೆ ಆರಕ್ಕೆ ಮೆಸೇಜ್ ಬಂತು, ಆನೆ ಗುಂಪು ನಿಮ್ಮ ತೋಟದಿಂದ ನಾಲ್ಕು ಕಿಲೋಮೀಟರ್ ಆಚೆ ಇದೆ ಅಂತ. ಸದ್ಯ ದೂರ ಇದೆ ಅಂತ ಮಲಗಿದಿರಿ. ಆನೆ ಮೇಯುತ್ತಾ ಇದ್ದರೆ ಗಂಟೆಗೆ ಒಂದು ಕಿಲೋಮೀಟರೂ ದಾಟಲಿಕ್ಕಿಲ್ಲ. ಆದರೆ ದಾರಿ ಹಿಡಿದು ನಡೆಯೋಕೆ ಶುರು ಮಾಡಿದರೆ ನಾಲ್ಕು ಕಿಲೋಮೀಟರ್ ಅದಕ್ಕೆ ಒಂದು ಗಂಟೆಯ ಮಾತು. ಬೆಳಗ್ಗೆ ಏಳೂವರೆಗೆ ನೀವು ಗೇಟ್ ತೆಗೆಯೋ ಹೊತ್ತಿಗೆ ಆ ಮೆಸೇಜಿಗೆ ಹದಿಮೂರೂವರೆ ಗಂಟೆ ವಯಸ್ಸು. ಅದು ಹೇಳೋದು ಆನೆ ನಿನ್ನೆ ಎಲ್ಲಿತ್ತು ಅಂತ ಅಷ್ಟೇ. ಮೆಸೇಜಿನಲ್ಲಿ ಜಾಗದ ಹೆಸರು ಓದೋ ಮೊದಲು ಟೈಮ್ ನೋಡಿ ಅಂತ ನಾವು ಹೇಳ್ತಿರೋದು ಇದಕ್ಕೇ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಗುಂಪಿನಲ್ಲಿ ಸಾಮಾನ್ಯವಾಗಿ ಕಾಲರ್ ಹಾಕೋದು ಹೆಣ್ಣಾನೆಗೆ. ಹೆಣ್ಣಾನೆಗಳು, ಮರಿಗಳು ಒಟ್ಟಿಗೆ ಓಡಾಡೋದರಿಂದ ಒಂದು ಪಟ್ಟಿಯಲ್ಲಿ ಇಡೀ ಗುಂಪಿನ ಸುಳಿವು ಸಿಗುತ್ತೆ. ಈ ಕಡೆಯವರು ಹೆಸರಿಟ್ಟು ಕರೆಯೋ ಬೀಟಮ್ಮನ ಗುಂಪು ಅಂಥದ್ದು. ಆದರೆ ಬೆಳೆದ ಗಂಡಾನೆ ಒಂಟಿ. ಅದಕ್ಕೆ ಕಾಲರ್ ಹಾಕಿದರೆ ಗೊತ್ತಾಗೋದು ಅದೊಂದರ ಸುದ್ದಿ ಮಾತ್ರ, ಎಲ್ಲಾ ಸಲಗಗಳಿಗೂ ಹಾಕೋಕಂತೂ ಆಗಲ್ಲ. ಸದ್ದಿಲ್ಲದೆ ಗಿಡದ ಮಧ್ಯೆ ನಿಂತಿರೋದು ಬಹಳ ಸಲ ಈ ಒಂಟಿ ಸಲಗವೇ. ಅದರ ಬಗ್ಗೆ ನಿಮಗೆ ಮೆಸೇಜ್ ಬರಬೇಕಾದರೆ ಯಾರೋ ಒಬ್ಬರು ಅದನ್ನು ಕಣ್ಣಾರೆ ನೋಡಿರಬೇಕು.

ಹಾಗಾಗಿ ಮೆಸೇಜ್ ಬಂದರೆ ಎಚ್ಚರ, ಸರಿ. ಆದರೆ ಬರಲಿಲ್ಲ ಅಂತ ಧೈರ್ಯ ಮಾಡೋಕಾಗಲ್ಲ.

29:30 – ಮೆಸೇಜ್ ಯಾರ ಫೋನಿಗೆ?

ಹಣ್ಣು ಕುಯ್ಯೋ ಅಕ್ಕ ಒಬ್ಬರು ನಮ್ಮ ಮೈಕಿನ ಮುಂದೆ ಹೇಳಿದ ಮಾತು ಹಾಗೇ ಬರೀತೀನಿ: 'ಮೆಸೇಜು ರೈಟ್ರಿಗೆ ಬತ್ತದೆ ಕಣಕ್ಕ. ತೋಟದೊಳಗೆ ಮೊದ್ಲು ಹೋಗೋರು ನಾವು.'

ಇದು ಬರೀ ದೂರು ಅಲ್ಲ. ಫೋನ್ ಇರೋದು ರೈಟರ್ ಹತ್ತಿರ, ಮೇಸ್ತ್ರಿ ಹತ್ತಿರ. ಹಳ್ಳದ ಕಡೆ ಇರೋ ಲೈನ್‌ಮನೆಗಳಲ್ಲಿ ನೆಟ್‌ವರ್ಕ್ ಇರಲ್ಲ. ಕುಯ್ಲಿಗೆ ಹೊರರಾಜ್ಯದಿಂದ ಬಂದವರಿಗೆ ಕನ್ನಡ ಓದೋಕೆ ಬರಲ್ಲ. ಪಿಕಪ್‌ನಲ್ಲಿ ಬೇರೆ ಊರಿಂದ ಬಂದವರಿಗೆ ಈ ತೋಟದಲ್ಲಿ ಆನೆ ಹಾಯುವ ಜಾಗ ಯಾವುದು ಅಂತಲೇ ಗೊತ್ತಿರಲ್ಲ. ಸುದ್ದಿ ಉಪಗ್ರಹದಿಂದ ಹಾಸನಕ್ಕೆ, ಅಲ್ಲಿಂದ ಯಸಳೂರಿಗೆ ಸಲೀಸಾಗಿ ಬರುತ್ತೆ. ನಿಲ್ಲೋದು ಕೊನೆಯ ಇನ್ನೂರು ಮೀಟರಿನಲ್ಲಿ. ಆ ಅಕ್ಕ ಕೆಲಸ ಮಾಡೋ ತೋಟದಲ್ಲಿ ಈಗ ಏನು ಮಾಡಿದ್ದಾರೆ ಅಂತ ಕೇಳಿ: ಹಾಜರಿ ಕೂಗೋ ಮೊದಲು ರೈಟರ್ ಮೆಸೇಜನ್ನೂ ಅದರ ಟೈಮನ್ನೂ ಎಲ್ಲರೆದುರು ಜೋರಾಗಿ ಓದ್ತಾರೆ. ಒಂದು ರೂಪಾಯಿ ಖರ್ಚಿಲ್ಲ.

36:20 – ನೆಲ ಓದೋದು

ಕೊನೆಯ ಭಾಗದಲ್ಲಿ ಆನೆ ಹಿಂಬಾಲಿಸೋ ಅಣ್ಣ ಒಬ್ಬರ ಜೊತೆ ತೋಟದ ದಾರಿಯಲ್ಲಿ ನಡೆದಿದ್ದೀವಿ. ಇದನ್ನು ಆಡಿಯೋದಲ್ಲಿ ಕೇಳಬೇಡಿ, ವಿಡಿಯೋ ನೋಡಿ.

ಮುಂಜಾನೆ ಹುಲ್ಲಿನ ಮೇಲೆಲ್ಲಾ ಇಬ್ಬನಿ ಇದ್ದು, ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ಒರೆಸಿದ ಹಾಗಿದ್ದರೆ, ಇಬ್ಬನಿ ಬಿದ್ದ ಮೇಲೆ ಏನೋ ಹಾದುಹೋಗಿದೆ ಅಂತ. ಲದ್ದಿ ತೇವವಾಗಿ ಹೊಳೀತಿದ್ದರೆ, ಚಳಿಗೆ ಹಬೆ ಆಡ್ತಿದ್ದರೆ ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಬೇಡ. ಮೇಲ್ಮೈ ಒಣಗಿ ಬಣ್ಣ ಮಾಸಿದ್ದರೆ ಹಳೇದು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರ ಸುಮಾರಾಗಿ ಸಿಗುತ್ತೆ. ನಾಲ್ಕೂವರೆ ಅಡಿ ಸುತ್ತಳತೆಯ ಒಂದೇ ಸಾಲು ಹೆಜ್ಜೆ, ಪಕ್ಕದಲ್ಲಿ ಮರಿ ಹೆಜ್ಜೆ ಇಲ್ಲ ಅಂದರೆ, ಒಂಬತ್ತು ಅಡಿ ಎತ್ತರದ ಒಂಟಿ ಸಲಗ ಅಂತ ಅಂದಾಜು. ಗಂಡಾನೆಯ ಕಣ್ಣಿಗೂ ಕಿವಿಗೂ ನಡುವೆ ಎಣ್ಣೆ ಇಳಿದ ಹಾಗೆ ಕಪ್ಪು ಗೆರೆ, ಜೊತೆಗೆ ಗಾಳಿಯಲ್ಲಿ ಘಾಟು ವಾಸನೆ ಇದ್ದರೆ ಅದು ಮದ. ಅದನ್ನು ಓಡಿಸೋಕೆ ಪಟಾಕಿ ಹಚ್ಚೋದು ಬೇಡವೇ ಬೇಡ.

ನಾಯಿ ಬಗ್ಗೆಯೂ ಅಣ್ಣ ಹೇಳ್ತಾರೆ. ದೂರದಲ್ಲಿ ಕಟ್ಟಿದ ನಾಯಿ ಒಂದೇ ದಿಕ್ಕಿಗೆ ಬೊಗಳಿದರೆ ಅದು ಸುಳಿವು. ನಿಮ್ಮ ಜೊತೆ ತೋಟಕ್ಕೆ ಬಂದ ನಾಯಿ ಮಾತ್ರ ಅಪಾಯ. ಆನೆಯನ್ನು ಕೆಣಕುತ್ತೆ, ಹೆದರಿದಾಗ ವಾಪಸ್ ಓಡಿ ಬರೋದು ನಿಮ್ಮ ಹತ್ತಿರಕ್ಕೇ, ಆನೆಯನ್ನೂ ಹಿಂದೆ ಕರ್ಕೊಂಡು.

ಇವತ್ತೇ ಯಾಕೆ?

ಇವತ್ತು ಡಿಸೆಂಬರ್ 4, ಅರ್ಜುನ ಸತ್ತ ದಿನ. ಎಪಿಸೋಡ್ ಇವತ್ತು ಹಾಕಿದ್ದಕ್ಕೆ ಅದು ಒಂದು ಕಾರಣ. ನೀವು ಇವತ್ತೇ ನೋಡಬೇಕು ಅನ್ನೋದಕ್ಕೆ ಕಾರಣ ಬೇರೆ ಇದೆ. ಅರೇಬಿಕಾ ಕುಯ್ಲು ಜೋರಾಗಿದೆ, ಗದ್ದೆಯಲ್ಲಿ ಭತ್ತ ಕೊಯ್ಲಿಗೆ ಬಂದಿದೆ. ಭತ್ತಕ್ಕೆ ಆನೆ ಇಳಿಯುತ್ತೆ, ಹಣ್ಣಿಗೆ ಜನ ಇಳೀತಾರೆ. ಇಬ್ಬರೂ ಒಂದೇ ತೋಟದಲ್ಲಿ ಇರೋ ತಿಂಗಳು ಇದು. ಅರೇಬಿಕಾ ಮುಗಿದ ಮೇಲೆ ರೋಬಸ್ಟಾ ಕುಯ್ಲು ಶುರುವಾಗಿ ಮಾರ್ಚ್‌ವರೆಗೂ ಎಳೆಯುತ್ತೆ. ಮುಂದಿನ ವಾರ ನೋಡೋಣ ಅಂದರೆ, ಅಷ್ಟರಲ್ಲಿ ಆರು ಬೆಳಗು ಕಳೆದಿರುತ್ತೆ.

ಬೆಂಗಳೂರಲ್ಲಿ ಕೂತು ಇದನ್ನು ಓದ್ತಿರೋರಿಗೆ ಒಂದು ಕೆಲಸ ಇದೆ. ಊರಲ್ಲಿ ಅಪ್ಪ ಅಮ್ಮ ಇದ್ದರೆ, ಅವರ ನಂಬರ್ ಆನೆ ಮೆಸೇಜಿನ ಪಟ್ಟಿಯಲ್ಲಿದೆಯಾ ಅಂತ ಇವತ್ತು ರಾತ್ರಿ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ನಾಳೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಸೇರಿಸೋಕೆ ಹೇಳಿ. ಸೇರಿದ್ದರೆ, ಮೆಸೇಜ್ ಬಂದಾಗ ಮೊದಲು ಟೈಮ್ ನೋಡೋಕೆ ಹೇಳಿಕೊಡಿ. ಆಮೇಲೆ 36:20ರಿಂದ ಮುಂದಿನ ಭಾಗ ಅವರಿಗೆ ಕಳಿಸಿ. ನೆಟ್‌ವರ್ಕ್ ಇರೋ ಜಾಗದಲ್ಲಿ ಡೌನ್‌ಲೋಡ್ ಮಾಡಿಕೊಂಡರೆ ಲೈನ್‌ಮನೆಯವರೂ ನೋಡ್ತಾರೆ.