ಗುಡ್ಡದ ಪೈಪಿಗೆ ಒಂದೇ ತ್ರಿಕೋನ ಸಾಲದು

ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯಂಥ ಗುಡ್ಡಕ್ಕೆ ನೀರಿನ ಪೈಪ್ ಎಳೆಯೋರು ನಕಾಶೆಯ ದೂರ ನಂಬಿ ಪೈಪ್ ಕೊಳ್ಳಬಾರದು. ನಕಾಶೆ ತೋರಿಸೋದು ಅಡ್ಡ ದೂರ ಮಾತ್ರ.

ಉದಾಹರಣೆಗೆ, ನಕಾಶೆಯ ದೂರ 200 ಮೀಟರ್, ಏರು 120 ಮೀಟರ್ ಅಂದುಕೊಳ್ಳಿ. ಪೈಥಾಗೊರಸ್ ಲೆಕ್ಕದಲ್ಲಿ √(200² + 120²), ಅಂದ್ರೆ ಸುಮಾರು 233 ಮೀಟರ್. ಇಷ್ಟಕ್ಕೇ ನಿಲ್ಲಿಸೋದು ತಪ್ಪು ಅಂತ ನನ್ನ ವಾದ. ನಮ್ಮ ಕಡೆ ಬಂಡೆಗುಡ್ಡಗಳು ಬಯಲಿನಿಂದ ತಟ್ಟನೆ ಮೇಲೇಳ್ತಾವೆ. ಮೊದಲ 100 ಮೀಟರ್ ಸಮತಟ್ಟಾಗಿದ್ದು, ಏರೆಲ್ಲ ಉಳಿದ 100 ಮೀಟರಿನಲ್ಲೇ ಇದ್ದರೆ, ಆ ಇಳಿಜಾರೇ √(100² + 120²), ಸುಮಾರು 156 ಮೀಟರ್. ಒಟ್ಟು 256. ಮೊದಲ ಲೆಕ್ಕ ನಂಬಿದ್ರೆ 23 ಮೀಟರ್ ಪೈಪ್ ಕಡಿಮೆ ಬೀಳ್ತದೆ!

ಅದಕ್ಕೇ, ಕಂಟೂರ್ ಗೆರೆಗಳು ಒತ್ತೊತ್ತಾಗುವ ಜಾಗದಲ್ಲಿ ದಾರಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಲೆಕ್ಕ ಹಾಕಿ ಕೂಡಿಸಿ. ಏನಂತೀರಿ?