ಮಾರ್ಕು ಹೇಳ್ತಾರೆ, ತಪ್ಪು ಹೇಳೋರ್ಯಾರು?

ಮಂಡ್ಯದ ಆ ತರಬೇತಿ ಕೇಂದ್ರಕ್ಕೆ ಮದ್ದೂರಿನ ಹುಡುಗರು ರೈಲು ಹತ್ತಿ ಬರ್ತಾರೆ. ರೈಲೇ ಇಲ್ಲದ ಮಳವಳ್ಳಿಯವರು ಬಸ್ಸಿಗೆ ಜೋತುಬಿದ್ದು ಬರ್ತಾರೆ. ಸರ್ಕಾರಿ ನೌಕರಿಯ ಆಸೆಗೆ ಮನೆಯವರು ಸಾಲ ಮಾಡಿ ಫೀಸು ಕಟ್ಟಿದ್ದಾರೆ. ಕೊಟ್ಟ ಕಾಸಿಗೆ ಸಿಗ್ತಿರೋದೇನು?

ಪಾಠದ ಮಟ್ಟ ಕೆಟ್ಟದ್ದೇನಲ್ಲ. ಗಣಿತದ ಮೇಷ್ಟ್ರು ಹಿಂದಿನ ಬೆಂಚಿನವನು ಲೆಕ್ಕ ಬಿಡಿಸೋವರೆಗೂ ಬೋರ್ಡು ಒರೆಸೋಲ್ಲ. ಇತಿಹಾಸದ್ದು ಮಾತ್ರ ಬರೀ ಉಕ್ತಲೇಖನ. 'ಶಿವಪುರ ಧ್ವಜ ಸತ್ಯಾಗ್ರಹ, 1938 ಏಪ್ರಿಲ್, ಬರ್ಕೊಳ್ಳಿ' ಅಂದರೆ ಮುಗೀತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯ್ತು. ಆಮೇಲೆ ಪಟೇಲರು ಬಂದು ಮಾತಾಡಿದ ಮೇಲೆ ದಿವಾನ್ ಮಿರ್ಜಾ ಕಾಂಗ್ರೆಸ್ ಬಾವುಟಕ್ಕೆ ಒಪ್ಪಿದರು. ಈ ಕೊಂಡಿ ಹೇಳಿಕೊಡದಿದ್ದರೆ, 'ಯಾವುದು ಮೊದಲು, ಯಾವುದು ನಂತರ' ಅನ್ನೋ ಪ್ರಶ್ನೆಗೆ ಶಿವಪುರದ ಪಕ್ಕದ ಹುಡುಗನೇ ತಡವರಿಸ್ತಾನೆ.

ಇನ್ನು ವಾರದ ಟೆಸ್ಟು. ಪ್ರಶ್ನೆಪತ್ರಿಕೆ ಚೆನ್ನಾಗಿದೆ, ಅನುಮಾನವಿಲ್ಲ. 100 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ, ಕೆಪಿಎಸ್‌ಸಿ ಕ್ರಮವೇ. ಮಳವಳ್ಳಿಯ ಒಬ್ಬಳು ಎಲ್ಲವನ್ನೂ ಬರೆದಳು. 52 ಸರಿ, 48 ತಪ್ಪು. 12 ಅಂಕ ಕಳೆದು ಗೋಡೆಯ ಪಟ್ಟಿಯಲ್ಲಿ ಕಂಡದ್ದು 40. 'ಗೊತ್ತಿಲ್ಲದ್ದು ಯಾಕಮ್ಮ ಮುಟ್ಟಿದೆ?' ಅಂತ ಬೈದು ಕಳಿಸಿದರು.

ಆದರೆ ಲೆಕ್ಕ ಬಿಡಿಸಿ ನೋಡಿ ಸ್ವಾಮಿ! ಅವಳು ಕಣ್ಣುಮುಚ್ಚಿ ಗುರುತು ಹಾಕಿದ್ದು 30. ಅದರಲ್ಲಿ 6 ಸರಿ, 24 ತಪ್ಪು. ಬಂದದ್ದು 6, ಹೋದದ್ದೂ 6. ಲಾಭವೂ ಇಲ್ಲ, ನಷ್ಟವೂ ಇಲ್ಲ. ಏಟು ಬಿದ್ದದ್ದು ಉಳಿದ 70ರಲ್ಲಿ. ಗೊತ್ತಿದೆ ಅಂತ ನಂಬಿ ಬರೆದು 24 ತಪ್ಪು ಮಾಡಿದ್ದಾಳೆ. ಅದರಲ್ಲಿ 12 ತಿದ್ದಿಕೊಟ್ಟರೂ 12 ಅಂಕ ಸೇರುತ್ತೆ, 3 ಅಂಕದ ಕಡಿತ ಉಳಿಯುತ್ತೆ, 40 ಹೋಗಿ 55 ಆಗುತ್ತೆ. ಯಾವ 24 ಅಂತ ಹುಡುಕಿಕೊಡೋದೇ ಮೇಷ್ಟ್ರ ಕೆಲಸ. ಗೋಡೆಗೆ ಪಟ್ಟಿ ಅಂಟಿಸೋಕೆ ಜವಾನ ಸಾಕು.

ತಿದ್ದೋ ಕೆಲಸ ನಡೆಯಬೇಕಾದ್ದು ಸಂದೇಹ ಪರಿಹಾರದ ತರಗತಿಯಲ್ಲಿ. ಅದನ್ನಿಟ್ಟಿರೋದು ಶನಿವಾರ ಸಂಜೆ ಕತ್ತಲಾದ ಮೇಲೆ! ಮಂಡ್ಯದಲ್ಲೇ ರೂಮು ಮಾಡಿರೋರು ಕೂರ್ತಾರೆ. ಮಳವಳ್ಳಿಯ ಹೆಣ್ಣುಮಕ್ಕಳು ಬಸ್ಸು ತಪ್ಪುತ್ತೆ ಅಂತ ಎದ್ದು ಹೋಗ್ತಾರೆ. ಫೀಸಿನಲ್ಲಿ ಮಾತ್ರ ದೂರದವರಿಗೆ ರಿಯಾಯ್ತಿ ಇಲ್ಲ.

ಪಾಠಕ್ಕೆ ಪಾಸು, ಟೆಸ್ಟಿಗೆ ಅರ್ಧ, ಸಂದೇಹಕ್ಕೆ ಸೊನ್ನೆ. ಟೆಸ್ಟು ಮುಗಿದ ಮಧ್ಯಾಹ್ನವೇ ಉತ್ತರಪತ್ರಿಕೆ ಕೈಗೆ ಕೊಟ್ಟು, ತಪ್ಪನ್ನು ಒಂದೊಂದಾಗಿ ಬಿಡಿಸಲಿ. ಫೀಸು ಕಟ್ಟೋ ತಂದೆತಾಯಂದಿರು ಬಾಗಿಲ ಮೇಲಿನ ರ‍್ಯಾಂಕಿನ ಫೋಟೋ ನೋಡಿದ್ದು ಸಾಕು. ಟೆಸ್ಟಿನ ಮರುದಿನ ಅಲ್ಲಿ ಏನು ನಡೆಯುತ್ತೆ ಅಂತ ಕೇಳಲಿ.